ಅಮ್ಮನ ಎಡತಲೆ ಮತ್ತು ಒಂದು ಮಾತ್ರೆ

ನಮ್ಮ ಅಜ್ಜಾವರದ ಮನೆಯಲ್ಲಿ ಅಮ್ಮನ ತಲೆನೋವಿಗೆ ಒಂದೂವರೆ ವರ್ಷ ಆಗಿತ್ತು. ಎಡಗಡೆ ಮಾತ್ರ. "ಅರೆತಲೆನೋವು ಅಲ್ವಾ, ಹೆಂಗಸರಿಗೆ ಬರುವಂಥದ್ದೇ" ಅಂತ ಎಲ್ಲರೂ ಹೇಳಿದರು. ಊರಲ್ಲಿ ಮೈಗ್ರೇನಿಗೆ ನಾವು ಹೇಳುವುದು ಹಾಗೇ ಅಲ್ಲವೇ? ಮೈಗ್ರೇನ್ ಮಾತ್ರೆ ಆಯಿತು, ಸೈನಸ್ ಅಂತ ಹಬೆ ತೆಗೆದುಕೊಂಡದ್ದಾಯಿತು, ಕನ್ನಡಕ ಬದಲಾಯಿತು, ಒಂದು ದವಡೆ ಹಲ್ಲೂ ಹೋಯಿತು. ನೋವು ಇದ್ದಲ್ಲೇ ಇತ್ತು.

ಬೆಂಗಳೂರಿನ ಕೆಲಸವನ್ನು ಊರಿನಿಂದಲೇ ಮಾಡುತ್ತಿದ್ದ ತಿಂಗಳುಗಳಲ್ಲಿ ನಾನು ಒಂದು ಸಣ್ಣ ಕೆಲಸ ಮಾಡಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೆ ಮೂರು ಸಲ, ನೋವು ಹತ್ತರಲ್ಲಿ ಎಷ್ಟು ಅಂತ ಅಮ್ಮನ ಕೈಯಲ್ಲೇ ಬರೆಸಿದೆ. ತಿಂಗಳ ಕೊನೆಗೆ ನೋಡಿದರೆ ಏಳು ಇತ್ತು, ಎಂಟೂ ಇತ್ತು, ಆದರೆ ಮೂರಕ್ಕಿಂತ ಕೆಳಗಿನ ಅಂಕಿ ಒಂದೂ ಇರಲಿಲ್ಲ. ಮೈಗ್ರೇನ್ ಸಾಮಾನ್ಯವಾಗಿ ಬಂದು ಹೋಗುತ್ತದೆ, ನಡುವೆ ಬಿಡುವು ಕೊಡುತ್ತದೆ, ಕೆಲವೊಮ್ಮೆ ಬದಿಯನ್ನೂ ಬದಲಿಸುತ್ತದೆ. ಇದು ಬದಿಯನ್ನೂ ಬಿಡಲಿಲ್ಲ, ಬಿಡುವನ್ನೂ ಕೊಡಲಿಲ್ಲ.

ಆ ಕ್ಯಾಲೆಂಡರ್ ಹಾಳೆಗಳನ್ನು ಹಿಡಿದುಕೊಂಡು ಮಂಗಳೂರಿನ ನರರೋಗ ತಜ್ಞರ ಹತ್ತಿರ ಹೋದೆವು. ಅವರು ಹಾಳೆ ನೋಡಿ ಅಮ್ಮನನ್ನು ಕೇಳಿದ್ದು ಎರಡೇ ಪ್ರಶ್ನೆ. "ನೋವು ಜೋರಾದಾಗ ಎಡಗಣ್ಣು ಕೆಂಪಾಗಿ ನೀರು ಬರ್ತದಾ? ಮೂಗು ಆ ಬದಿಯಲ್ಲಿ ಕಟ್ಟುತ್ತದಾ?"

"ಹೌದು ಡಾಕ್ಟ್ರೇ, ಕಣ್ಣಿಗೆ ಮರಳು ಬಿದ್ದ ಹಾಗೆ ಆಗ್ತದೆ. ನಾನು ಧೂಳು ಅಂತ ಮಾಡಿದ್ದೆ."

ಅವರು ಹೇಳಿದ ಹೆಸರು ಹೆಮಿಕ್ರೇನಿಯಾ ಕಂಟಿನ್ಯುವಾ. ಅರ್ಥ ನೋಡಿದರೆ 'ಬಿಡದ ಅರೆತಲೆನೋವು' ಅಷ್ಟೇ! ಮೈಗ್ರೇನ್ ಎಂಬ ಪದವೂ ಅದೇ 'ಹೆಮಿಕ್ರೇನಿಯಾ'ದಿಂದ ಬಂದದ್ದಂತೆ, ಹಾಗಾಗಿ ಹೆಸರಿನಲ್ಲೇ ಎರಡೂ ಒಂದರೊಳಗೊಂದು ಸೇರಿಕೊಂಡಿವೆ. 1984ರಲ್ಲಿ ಶೋಸ್ತಾ ಮತ್ತು ಸ್ಪೀರಿಂಗ್ಸ್ ಎಂಬ ಇಬ್ಬರು ವೈದ್ಯರು ಇದನ್ನು ಈ ಹೆಸರಿನಿಂದ ಬೇರೆಯಾಗಿ ಗುರುತಿಸಿದರು. ಇಂಡೊಮೆಥಾಸಿನ್ ಎಂಬ ಹಳೆಯ ನೋವಿನ ಮಾತ್ರೆಗೆ ಈ ನೋವು ಪೂರ್ತಿ ಮಾಯವಾಗುತ್ತದೆ. ಅದೇ ಜಾತಿಯ ಐಬುಪ್ರೊಫೆನ್‌ನಂಥವುಗಳಿಂದ ಹಾಗಾಗುವುದಿಲ್ಲ. ಯಾಕೆ ಅಂತ ಇವತ್ತಿಗೂ ಸ್ಪಷ್ಟವಾಗಿಲ್ಲ. ಆದರೆ ರಕ್ತಪರೀಕ್ಷೆಯಲ್ಲೋ ಸ್ಕ್ಯಾನಿನಲ್ಲೋ ಕಾಣದ ಈ ಕಾಯಿಲೆಗೆ ಆ ಮಾತ್ರೆಯೇ ಪರೀಕ್ಷೆ. ನೋವು ಹೋದರೆ ಹೌದು, ಹೋಗದಿದ್ದರೆ ಬೇರೆ ಏನೋ.

ಆಗ ನನಗೆ ತಲೆ ತಿರುಗಿದ ಹಾಗಾಯಿತು. ಯಾಕೆಂದರೆ ಆ ಮಾತ್ರೆಯನ್ನು ಅಮ್ಮ ಆರು ತಿಂಗಳ ಹಿಂದೆಯೇ ತಿಂದಿದ್ದರು! ಬೇರೊಬ್ಬರು 25 ಮಿಲಿಗ್ರಾಂ, ದಿನಕ್ಕೆ ಎರಡರಂತೆ ಐದು ದಿನಕ್ಕೆ ಕೊಟ್ಟಿದ್ದರು. ನೋವು "ಸ್ವಲ್ಪ ಕಮ್ಮಿ" ಆಗಿತ್ತು. ಪೂರ್ತಿ ಹೋಗಲಿಲ್ಲವಲ್ಲ, ಇದು ಅದಲ್ಲ ಅಂತ ಬಿಟ್ಟದ್ದಾಗಿತ್ತು.

"ಅದು ಪರೀಕ್ಷೆಯೇ ಅಲ್ಲ" ಅಂದರು ಈ ಡಾಕ್ಟ್ರು. ಅಂತರರಾಷ್ಟ್ರೀಯ ವರ್ಗೀಕರಣದ ಪ್ರಕಾರ ದೊಡ್ಡವರಿಗೆ ದಿನಕ್ಕೆ ಕನಿಷ್ಠ 150 ಮಿಲಿಗ್ರಾಂ ತನಕ ಹೋಗಬೇಕು, ಬೇಕಾದರೆ 225. ಅರ್ಧ ದಾರಿಯಲ್ಲಿ ನಿಲ್ಲಿಸಿದರೆ ಬರುವ 'ಇಲ್ಲ' ಎಂಬ ಉತ್ತರಕ್ಕೆ ಬೆಲೆ ಇಲ್ಲ. ಹಾಗೆಯೇ 'ಸ್ವಲ್ಪ ಕಮ್ಮಿ' ಎಂಬುದು 'ಹೌದು' ಕೂಡ ಅಲ್ಲ, ಎಷ್ಟೋ ಬಗೆಯ ತಲೆನೋವು ನೋವಿನ ಮಾತ್ರೆಗೆ ಅಷ್ಟು ಕಮ್ಮಿ ಆಗಿಯೇ ಆಗುತ್ತದೆ. ಬೇಕಾದ್ದು ಸೊನ್ನೆ.

ಆದರೂ ಅವರು ಕೂಡಲೇ ಮಾತ್ರೆ ಬರೆಯಲಿಲ್ಲ. ಮೊದಲು ಎಂ.ಆರ್.ಐ. ತಲೆಯೊಳಗೆ ಗಡ್ಡೆಯೋ ಮತ್ತೊಂದೋ ಇದ್ದು ಬಂದ ಇಂಥ ನೋವೂ ಒಮ್ಮೊಮ್ಮೆ ಇಂಡೊಮೆಥಾಸಿನ್‌ಗೆ ಹೋಗುವುದುಂಟು, ಹಾಗಾಗಿ ಮಾತ್ರೆ ಕೆಲಸ ಮಾಡಿತು ಅಂತ ಸ್ಕ್ಯಾನ್ ಬಿಡುವ ಹಾಗಿಲ್ಲ. ಮತ್ತೆ ಕಿಡ್ನಿಗೆ ರಕ್ತಪರೀಕ್ಷೆ, ಬಿ.ಪಿ. ನೋಡಿದ್ದು. ಹೊಟ್ಟೆಹುಣ್ಣು ಇತ್ತಾ, ನೋವಿನ ಮಾತ್ರೆಗೆ ಉಬ್ಬಸ ಬಂದದ್ದುಂಟಾ ಅಂತ ಕೇಳಿದರು. ಎಲ್ಲ ಸರಿ ಇದ್ದ ಮೇಲೆ, ಗ್ಯಾಸ್ಟ್ರಿಕ್ ಮಾತ್ರೆಯ ಜೊತೆ, ಊಟ ಆದ ಮೇಲೆ, 25ರದ್ದು ಮೂರು ಹೊತ್ತು. ಮೂರು ದಿನ ಬಿಟ್ಟು 50ರದ್ದು ಮೂರು ಹೊತ್ತು.

ಮೊದಲ ಮೂರು ದಿನ ಕ್ಯಾಲೆಂಡರಿನಲ್ಲಿ ನಾಲ್ಕು, ಮೂರು, ಎರಡು. 150 ಶುರುವಾದ ಎರಡನೇ ಬೆಳಿಗ್ಗೆ ಅಮ್ಮ ದೋಸೆ ಹೊಯ್ಯುತ್ತಾ ನಿಂತರು. "ಮಗಾ, ಇಲ್ಲಿ ಎಂತದೂ ಇಲ್ಲ" ಅಂತ ಎಡ ಹಣೆ ಮುಟ್ಟಿ ತೋರಿಸಿದರು. ಸೊನ್ನೆ ಬರೆಯಲು ನಾನೇ ಹೇಳಬೇಕಾಯಿತು, ಅವರಿಗೆ ನಂಬಿಕೆ ಇರಲಿಲ್ಲ.

ಮೂರು ವಾರ ಬಿಟ್ಟು ಡಾಕ್ಟ್ರು ಹಂತಹಂತವಾಗಿ ಇಳಿಸಿದರು. ದಿನಕ್ಕೆ ಒಂದೇ 25ಕ್ಕೆ ಬಂದಾಗ ಮರುದಿನವೇ ಮೂರು ಅಂತ ಬಿತ್ತು, ಕಣ್ಣಿನ ಮರಳೂ ಬಂತು. ಎರಡಕ್ಕೆ ಏರಿಸಿದಾಗ ಮತ್ತೆ ಸೊನ್ನೆ. ಹೀಗೆ ಬಿಟ್ಟರೆ ಬರುವುದು, ತಿಂದರೆ ಹೋಗುವುದೂ ರೋಗವನ್ನು ಗಟ್ಟಿ ಮಾಡುತ್ತದಂತೆ. ಮೊದಲ ಸಲ ಸಾಲದ ಅದೇ ಎರಡು ಮಾತ್ರೆ, ನೋವು ಪೂರ್ತಿ ಹೋದ ಮೇಲೆ ಹಿಡಿದಿಡಲು ಸಾಕಾಯಿತು. ಎಲ್ಲರಿಗೂ ಅಷ್ಟರಲ್ಲೇ ನಿಲ್ಲುವುದಿಲ್ಲವಂತೆ.

ಈಗ ಎದೆಯುರಿ ಇದೆ, ಅದಕ್ಕೆ ಅಮ್ಮನ ಗೊಣಗಾಟವೂ ಇದೆ. ಮಲ ಕಪ್ಪಗಾದರೆ ಕೂಡಲೇ ಹೇಳಬೇಕು ಅಂತ ಡಾಕ್ಟ್ರ ಕಟ್ಟುನಿಟ್ಟು. ನಾಲ್ಕು ತಿಂಗಳಿಗೊಮ್ಮೆ ಕಿಡ್ನಿ ಪರೀಕ್ಷೆಗೆ ಸುಳ್ಯಕ್ಕೆ ಹೋಗುತ್ತೇವೆ. ಹೊಟ್ಟೆ ತಡೆಯದಿದ್ದರೆ ಬೇರೆ ಔಷಧಿ ನೋಡುವ ಅಂದಿದ್ದಾರೆ, ಅವು ಇಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ ಅಂತಲೂ ಹೇಳಿದ್ದಾರೆ. ಹೋದ ವಾರ ನೆರೆಮನೆಯ ಅಕ್ಕ ತಲೆನೋವಿಗೆ ಅಮ್ಮನ ಪಟ್ಟಿಯಿಂದ ಎರಡು ಮಾತ್ರೆ ಕೇಳಿದರು. ಅಮ್ಮ ಕೊಡಲಿಲ್ಲ. "ಮೊದಲು ಕ್ಯಾಲೆಂಡರಿನಲ್ಲಿ ಬರಿ ಮಾರಾಯ್ತಿ" ಅಂದರಂತೆ.