ಹದಿನಾಲ್ಕು ರೂಮಿನ ಚೀಟಿ

ತಂಗಿಯ ಮದುವೆಯಲ್ಲಿ ನನಗೆ ಬಂದಿದ್ದು ರೂಮಿನ ಉಸ್ತುವಾರಿ. ಮದುವೆ ನಮ್ಮ ಮನೆಯಂಗಳದಲ್ಲೇ, ಚಪ್ಪರ ಹಾಕಿ. ಪುಣೆ, ಮುಂಬೈ, ಬೆಂಗಳೂರಿನಿಂದ ಬರುವ ನೆಂಟರಿಗೆ ಹದಿನೆಂಟು ಕಿಲೋಮೀಟರ್ ದೂರದ ಸಾಗರ ಪೇಟೆಯಲ್ಲಿ ಹದಿನಾಲ್ಕು ರೂಮು. ಪ್ರತಿ ರೂಮಿನಲ್ಲೂ ಒಂದು ಸ್ವಾಗತದ ಚೀಟಿ ಇಡೋಣ ಎಂದು ಹೊಳೆದದ್ದು ನನಗೇ, ಬಯ್ಯಲು ಬೇರೆ ಯಾರೂ ಇಲ್ಲ.

ಮೊದಲು ಬರೆದದ್ದು ಮೂರು ಪುಟ. ಮೇಲೆ ಗಣಪತಿ, ಕೆಳಗೆ ವಧೂವರರ ಹೆಸರು, ಆಮೇಲೆ ನಾಂದಿ, ವರಪೂಜೆ, ಧಾರೆ ಎಂದು ಎಲ್ಲದರ ಗಳಿಗೆ. ಲಗ್ನಪತ್ರಿಕೆಯನ್ನೇ ಹಿಗ್ಗಿಸಿದ್ದೆ ಅಷ್ಟೆ. ನಮ್ಮ ದೊಡ್ಡಮಾವ ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಕನ್ನಡಕ ಏರಿಸಿ ಓದಿ, "ತಮಾ, ಮುಹೂರ್ತ ಹತ್ತು ಐವತ್ತಕ್ಕೆ ಅಂತ ಭಟ್ಟರಿಗೆ ಗೊತ್ತಿದ್ದರೆ ಸಾಕು. ಲಾಡ್ಜಿನಲ್ಲಿ ಮಲಗಿದವನಿಗೆ ಗಾಡಿ ಎಷ್ಟು ಹೊತ್ತಿಗೆ ಅಂತ ಹೇಳು" ಎಂದರು.

ಅವರೇ ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿಸಿದರು. ಧಾರೆ 10.50ಕ್ಕೆ. ಅದಕ್ಕೆ ಮೊದಲು ತಿಂಡಿ ಆಗಬೇಕು, ತಿಂಡಿಯ ಕೊನೆಯ ಪಂಕ್ತಿ 9ಕ್ಕೆ ಏಳುತ್ತದೆ. ಪೇಟೆಯಿಂದ ಮನೆಗೆ ಮುಕ್ಕಾಲು ಗಂಟೆ. ಹದಿನೆಂಟೇ ಕಿಲೋಮೀಟರ್ ಆದರೂ ಕೊನೆಯ ಐದು ಒಂದು ಗಾಡಿ ಹೋಗುವಷ್ಟೇ ಅಗಲ, ಎದುರಿಗೆ ಬಂದವರು ಹಿಂದೆ ಸರಿಯಬೇಕು. ಹಾಗಾಗಿ ಟೆಂಪೋ 7.45ಕ್ಕೆ ಲಾಡ್ಜಿನ ಬಾಗಿಲಿಂದ ಹೊರಡಬೇಕು. ಆ ಲಾಡ್ಜಿನಲ್ಲಿ ಬಿಸಿನೀರು 5.30ರಿಂದ 7.30ರವರೆಗೆ ಮಾತ್ರ. ಚೀಟಿಯ ಮೊದಲ ಸಾಲು ಕೊನೆಗೆ ಇದೇ ಆಯಿತು: ಬಿಸಿನೀರು ಎಷ್ಟು ಹೊತ್ತು, ಗಾಡಿ ಎಷ್ಟು ಹೊತ್ತಿಗೆ. ಮುಹೂರ್ತ ನಾಲ್ಕನೆಯ ಸಾಲಿಗೆ ಇಳಿಯಿತು. ಅಪ್ಪನಿಗೆ ಅದು ಸ್ವಲ್ಪ ಬೇಸರವೇ.

ಊಟದ ಬಗ್ಗೆ ಅತ್ತೆಯದು ಒಂದೇ ತಿದ್ದುಪಡಿ. ನಾನು "ಊಟ ಮಧ್ಯಾಹ್ನ 12.30ಕ್ಕೆ" ಎಂದು ಬರೆದಿದ್ದೆ. "ಯಾವ ಮದುವೆಯಲ್ಲಿ ಹನ್ನೆರಡೂವರೆಗೆ ಎಲೆ ಹಾಕಿದ್ದು ನೋಡಿದ್ದೀಯ? ಒಂದೂವರೆ ಅಂತ ಬರಿ. ಸಕ್ಕರೆ ಕಾಯಿಲೆಯವರು ಹನ್ನೊಂದೂವರೆಗೆ ಅಡುಗೆಮನೆ ಕಡೆ ಬಂದರೆ ಅವಲಕ್ಕಿ ಮಜ್ಜಿಗೆ ಕೊಡ್ತೇನೆ ಅಂತಲೂ ಬರಿ." ಬರೆದೆ. ಆ ಸಾಲನ್ನು ಓದಿ ಒಂಬತ್ತು ಜನ ಬಂದರು, ಸಕ್ಕರೆ ಇದ್ದವರು ನಾಲ್ವರೇ ಇರಬೇಕು.

ಪ್ರಯಾಣದ ಭಾಗದಲ್ಲಿ ಎರಡು ಸಂಗತಿ ಉಪಯೋಗಕ್ಕೆ ಬಂದವು. ನಮ್ಮೂರಿನ ರೈಲು ನಿಲ್ದಾಣದ ಹೆಸರು ಬರೀ ಸಾಗರ ಅಲ್ಲ, ಸಾಗರ ಜಂಬಗಾರು. ಬರೀ ಸಾಗರ ಎಂದು ಹುಡುಕಿದರೆ ಮಧ್ಯಪ್ರದೇಶದ ಊರೂ ಬಂದು ಕೂರುತ್ತದೆ. ಇದನ್ನು ರೂಮಿನ ಚೀಟಿಯಲ್ಲಿ ಹೇಳಿದರೆ ತಡ, ಟಿಕೆಟ್ ತೆಗೆಯುವ ಮೊದಲೇ ತಿಳಿಸಬೇಕು, ತಿಳಿಸಿದ್ದೆ. ಆದರೂ ಮುಂಬೈಯವರೊಬ್ಬರು ವಾಪಸು ಟಿಕೆಟ್ ನೋಡಿ ಗಾಬರಿಯಾಗಿ, ಈ ಜಂಬಗಾರು ಇಲ್ಲಿಂದ ಎಷ್ಟು ದೂರ ಎಂದು ಕೇಳುತ್ತಿದ್ದರಂತೆ. ಚೀಟಿಯಲ್ಲಿ ‘ಎರಡೂ ಒಂದೇ’ ಎಂದಿದ್ದದ್ದನ್ನು ಮ್ಯಾನೇಜರ್ ತೋರಿಸಿದ.

ಇನ್ನೊಂದು ಜೋಗ. ಬಂದವರೆಲ್ಲ ಕೇಳುವುದು ಅದನ್ನೇ. ಪೇಟೆಯಿಂದ ಸುಮಾರು ಮೂವತ್ತು ಕಿಲೋಮೀಟರ್. ಆದರೆ ನಮ್ಮ ಮದುವೆ ಮೇ ತಿಂಗಳಿನದು. ಶರಾವತಿಯ ನೀರು ಮೇಲೆ ಲಿಂಗನಮಕ್ಕಿಯಲ್ಲಿ ನಿಂತಿರುತ್ತದೆ, ಬೇಸಗೆಯಲ್ಲಿ ಜೋಗದಲ್ಲಿ ಕಾಣುವುದು ಹೆಚ್ಚಾಗಿ ಬಂಡೆಯೇ. ಹಾಗೆಂದೇ ಬರೆದು, ಅರ್ಧ ದಿನವಿದ್ದರೆ ಇಕ್ಕೇರಿಗೆ ಹೋಗಿ, ಪೇಟೆಯಿಂದ ಆರೇ ಕಿಲೋಮೀಟರ್, ಅಘೋರೇಶ್ವರ ದೇವಸ್ಥಾನದ ಎದುರಿನ ಆ ದೊಡ್ಡ ನಂದಿಯನ್ನು ನೋಡಿ ಎಂದು ಸೇರಿಸಿದೆ. ಊರಿನ ಮರ್ಯಾದೆ ತೆಗೆದೆ ಎಂದು ಚಿಕ್ಕಪ್ಪ ಸಿಡುಕಿದರು. ಮಳೆಗಾಲದಲ್ಲಿ ಮತ್ತೆ ಬನ್ನಿ ಎಂಬ ಸಾಲು ಅವರದ್ದು.

ಹೀಗೆ ಒಂದೇ ಹಾಳೆ, ಒಂದೇ ಮಗ್ಗುಲು, ದಪ್ಪ ಅಕ್ಷರ. ಅದನ್ನು ಬಾಳೆಹಣ್ಣಿನ ಬುಟ್ಟಿಯ ಕೆಳಗೆ ಇಟ್ಟದ್ದು ದಡ್ಡತನ. ಗುಡಿಸಲು ಬಂದ ಹುಡುಗ ಮೂರು ರೂಮಿನ ಚೀಟಿಯನ್ನು ಹಣ್ಣಿನ ಸಿಪ್ಪೆಯ ಜೊತೆ ಒಯ್ದಿದ್ದ. ರಾತ್ರಿಯೇ ಹೋಗಿ ಉಳಿದವನ್ನು ಕನ್ನಡಿಯ ಪಕ್ಕ ಅಂಟಿಸಿ ಬಂದೆ. ಜುಟ್ಟು ಕಟ್ಟುವವರೂ ಗಡ್ಡ ಕೆರೆಯುವವರೂ ಓದಲೇಬೇಕು.

ಬೆಳಿಗ್ಗೆ ಟೆಂಪೋ ಹೊರಟದ್ದು 7.55ಕ್ಕೆ. ನಮ್ಮ ಕಡೆಯ ಮದುವೆಗೆ ಅದು ದಾಖಲೆ.

ತಪ್ಪು ಗೊತ್ತಾದದ್ದು ಧಾರೆ ಮುಗಿದ ಮೇಲೆ. ಚೀಟಿಯ ಕೆಳಗೆ ‘ಏನೇ ಬೇಕಿದ್ದರೂ ಕರೆ ಮಾಡಿ’ ಎಂದು ನನ್ನ ನಂಬರು ಕೊಟ್ಟಿದ್ದೆ. ಎರಡು ದಿನ ಒಂದೂ ಕರೆ ಬಂದಿರಲಿಲ್ಲ. ಎಲ್ಲ ಸುಸೂತ್ರ ಎಂದು ಬೀಗುತ್ತಿದ್ದೆ. ಕೊನೆಯ ಅಂಕಿ ತಪ್ಪಾಗಿತ್ತು. ನಮ್ಮ ನೆಂಟರೆಲ್ಲ ಟವೆಲ್ಲಿಗೂ ಟೆಂಪೋಗೂ ಯಾರೋ ಗೊತ್ತಿಲ್ಲದವರಿಗೆ ಫೋನು ಮಾಡಿದ್ದರು. ಪುಣ್ಯಾತ್ಮ ಬಯ್ಯದೆ ಎಲ್ಲರಿಗೂ, "ಗಾಡಿ ಬರ್ತದೆ, ಕಾಯ್ರಿ" ಎಂದಿದ್ದನಂತೆ.