ಜ್ವರ ಬಿಟ್ಟಿತು, ಗಂಟು ಬಿಡಲಿಲ್ಲ

ನಮ್ಮ ಮನೆಯಲ್ಲಿ ಹಾಲು ಕರೆಯುವುದು ಅಮ್ಮನ ಕೆಲಸ. ಬೇರೆಯವರು ಕೈ ಹಾಕಿದರೆ ಹಸು ಒದೆಯುತ್ತದೆ. ಎರಡು ವರ್ಷದ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮನಿಗೆ ಚಿಕೂನ್‌ಗುನ್ಯಾ ಬಂತು. ನಾಲ್ಕು ದಿನ ಸುಡುವ ಜ್ವರ, ಐದನೇ ದಿನಕ್ಕೆ ಮೈ ತಣ್ಣಗಾಯಿತು. ಇನ್ನು ಮುಗಿಯಿತು ಅಂದುಕೊಂಡೆವು. ಮರುದಿನ ಬೆಳಗಿನ ಜಾವ ಕೊಟ್ಟಿಗೆಗೆ ಹೋದ ಅಮ್ಮ ಖಾಲಿ ತಂಬಿಗೆ ಹಿಡಿದು ವಾಪಸ್ ಬಂದಳು. ಬೆರಳು ಮಡಚಲು ಬರುತ್ತಿರಲಿಲ್ಲ.

2006ರಲ್ಲಿ ಊರೂರೇ ಮಲಗಿದ್ದು ನಮಗೆ ಅಲ್ಪಸ್ವಲ್ಪ ನೆನಪಿದೆ. ಆಗ ಅದನ್ನು 'ಚಿಕನ್ ಗುನ್ಯಾ' ಎಂದು ತಿಳಿದು ಕೋಳಿ ತಿನ್ನುವುದನ್ನೇ ಬಿಟ್ಟವರಿದ್ದರು. ಕೋಳಿಗೂ ಇದಕ್ಕೂ ಸಂಬಂಧವಿಲ್ಲ. ಆಫ್ರಿಕಾದ ಮಕೊಂಡೆ ಭಾಷೆಯಲ್ಲಿ ಈ ಹೆಸರಿಗೆ ನೋವಿನಿಂದ ಬಾಗಿಹೋಗುವುದು ಎಂಬ ಅರ್ಥವಿದೆ. ಹಗಲು ಕಚ್ಚುವ ಈಡಿಸ್ ಸೊಳ್ಳೆಯಿಂದ ಹರಡುವ ವೈರಸ್ ಇದು.

ಮನೆಯಲ್ಲಿ ಅಜ್ಜಿಗೂ ಮಂಡಿ ನೋವು. "ನಂದೇ ವಾತ ಇವಳಿಗೂ ಬಂದೈತೆ" ಅಂತ ಅಜ್ಜಿ ತೀರ್ಮಾನ ಕೊಟ್ಟಿದ್ದಳು. ಆದರೆ ಗಮನಿಸಿದಾಗ ಇಬ್ಬರ ನೋವಿನ ಹೊತ್ತೇ ಬೇರೆ ಎಂದು ಗೊತ್ತಾಯಿತು. ಅಜ್ಜಿ ಬೆಳಿಗ್ಗೆ ಏಳುವಾಗ ಪರವಾಗಿಲ್ಲ. ಓಡಾಡಿದಷ್ಟೂ ನೋವು ಏರಿ, ಸಂಜೆಗೆ ಕಾಲು ಚಾಚಿ ಕೂತುಬಿಡುತ್ತಾಳೆ. ಅದು ವಯಸ್ಸಿನ ಸವೆತ. ಅಮ್ಮನದು ಉಲ್ಟಾ. ಬೆಳಿಗ್ಗೆ ಐದಕ್ಕೆ ಎರಡೂ ಮಣಿಕಟ್ಟು, ಬೆರಳು, ಪಾದದ ಗಂಟು ಮರದ ಹಾಗೆ ಬಿಗಿದಿರುತ್ತಿದ್ದವು. ಹತ್ತು ಗಂಟೆಗೆ ಅದೇ ಕೈಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು.

ಹೀಗೆ ಬೆಳಿಗ್ಗೆ ಬಿಗಿಯುವುದು, ಎರಡೂ ಕೈಗೆ ಒಟ್ಟಿಗೆ ಬರುವುದು ರುಮಟಾಯ್ಡ್ ಸಂಧಿವಾತದಲ್ಲೂ ಇರುತ್ತದೆ. ಗೊಂದಲವಾಗುವುದು ಇಲ್ಲೇ. ಆ ಸಂಧಿವಾತ ಸಾಮಾನ್ಯವಾಗಿ ವಾರ, ತಿಂಗಳುಗಟ್ಟಲೆ ನಿಧಾನವಾಗಿ ಏರುತ್ತದೆ. ಚಿಕೂನ್‌ಗುನ್ಯಾ ನೋವು ಜ್ವರದ ಜೊತೆಗೇ ಒಂದೇ ಏಟಿಗೆ ಬಂದು, ಹೆಚ್ಚಿನವರಲ್ಲಿ ದಿನ ಕಳೆದಂತೆ ಇಳಿಯುತ್ತದೆ. ಮೂಳೆ ತಿಂದುಹಾಕಿ ಬೆರಳು ಸೊಟ್ಟ ಮಾಡುವುದು ಅಪರೂಪ.

ಇಳಿಯುವವರೆಗೆ ಕಾಯುವ ತಾಳ್ಮೆ ನಮಗಿರಲಿಲ್ಲ. ತಪ್ಪು ಮಾಡಿದೆವು. ಪಕ್ಕದ ಊರಿನಲ್ಲಿ ಒಬ್ಬರು ಚೀಟಿ ಬರೆಯದೆ ಪೊಟ್ಟಣದಲ್ಲಿ ಮಾತ್ರೆ ಕೊಡುತ್ತಿದ್ದರು. ನುಂಗಿದ ಮರುದಿನವೇ ಅಮ್ಮ ಹಾಲು ಕರೆದಳು. ನಾವೂ ಕುಣಿದಾಡಿದೆವು. ಐದು ವಾರಕ್ಕೆ ಮುಖ ಊದಿತು, ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳತೊಡಗಿದಳು. ಹೆದರಿ ಮಾತ್ರೆ ನಿಲ್ಲಿಸಿದೆವು. ಮೂರೇ ದಿನಕ್ಕೆ ನೋವು ಮೊದಲಿಗಿಂತ ಜೋರಾಗಿ ಬಂತು, ಜೊತೆಗೆ ಏಳಲಾರದಷ್ಟು ಸುಸ್ತು.

ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಪೊಟ್ಟಣ ನೋಡಿದವರೇ ಸ್ಟೀರಾಯ್ಡ್ ಅಂದರು. ಸಕ್ಕರೆ ಏರಿತ್ತು. ವಾರಗಟ್ಟಲೆ ಸ್ಟೀರಾಯ್ಡ್ ತಿಂದರೆ ದೇಹ ತಾನೇ ತಯಾರಿಸುವುದನ್ನು ಕಡಿಮೆ ಮಾಡುತ್ತದೆ. ಆಗ ಒಮ್ಮೆಲೇ ನಿಲ್ಲಿಸುವುದು ಅಪಾಯ, ಹಂತ ಹಂತವಾಗಿ ಇಳಿಸಬೇಕು ಎಂದು ಹೇಳಿ ತಾವೇ ಇಳಿಸಿದರು. ಆರ್‌ಎಫ್, ಆಂಟಿ ಸಿಸಿಪಿ ಎಂಬ ಎರಡು ರಕ್ತಪರೀಕ್ಷೆ ಮಾಡಿಸಿದರು. ಎರಡೂ ನೆಗೆಟಿವ್ ಬಂದವು. "ಇಷ್ಟರಿಂದಲೇ ರುಮಟಾಯ್ಡ್ ಇಲ್ಲ ಅನ್ನೋಕಾಗಲ್ಲ. ಆದ್ರೆ ಶುರುವಾದ ರೀತಿ ನೋಡಿದ್ರೆ ಚಿಕೂನ್‌ಗುನ್ಯಾದೇ ನೋವು" ಅಂದರು.

ಆಮೇಲಿನ ಔಷಧಿ ಸಾದಾ. 500 ಮಿಲಿಗ್ರಾಂ ಪ್ಯಾರಾಸಿಟಮಾಲ್, ನೋವಿದ್ದಾಗ ಮಾತ್ರ, ಆರು ಗಂಟೆ ಅಂತರ ಬಿಟ್ಟು ದಿನಕ್ಕೆ ಹೆಚ್ಚೆಂದರೆ ಮೂರು. ಡೈಕ್ಲೋಫೆನಾಕ್‌ನಂಥ ಮಾತ್ರೆಯನ್ನು ತೀರಾ ನೋವಿದ್ದ ಕೆಲವೇ ದಿನ, ಊಟವಾದ ಮೇಲೆ. ಅದು ಹೊಟ್ಟೆಗೂ ಕಿಡ್ನಿಗೂ ಭಾರ. ಜ್ವರ ಇರುವಾಗಂತೂ, ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಅದನ್ನೂ ಆಸ್ಪಿರಿನ್ನನ್ನೂ ಮುಟ್ಟಲೇಬಾರದು, ರಕ್ತಸ್ರಾವವಾಗಬಹುದು.

ಇದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಬಿಸಿನೀರು. ಅಮ್ಮ ಎದ್ದ ಕೂಡಲೇ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಕೈ ಮುಳುಗಿಸಿ, ನೀರೊಳಗೇ ಒದ್ದೆ ಬಟ್ಟೆಯ ಉಂಡೆಯನ್ನು ಮೆಲ್ಲಗೆ ಹಿಸುಕುತ್ತಿದ್ದಳು. ಗಂಟು ಊದಿ ಬಿಸಿಯಾದ ದಿನ ಮಾತ್ರ ತಣ್ಣೀರ ಬಟ್ಟೆ. ಪೂರ್ತಿ ಮಲಗಿದರೆ ಬಿಗಿತ ಹೆಚ್ಚುತ್ತಿತ್ತು, ಕೊಡ ಹೊತ್ತರೆ ಮರುದಿನ ಊತ. ನಡುವಿನ ಅಳತೆ ಅವಳೇ ಕಂಡುಕೊಂಡಳು.

ಮೂರು ತಿಂಗಳಾದರೂ ಊತ ಇಳಿಯದಿದ್ದರೆ ಕೀಲುರೋಗ ತಜ್ಞರ ಬಳಿ ಹೋಗಬೇಕು, ಕೆಲವರಿಗೆ ಬೇರೆ ಔಷಧಿಯೇ ಬೇಕಾಗುತ್ತದೆ. ಒಂದೇ ಗಂಟು ಕೆಂಪಾಗಿ ಊದಿ ಮತ್ತೆ ಜ್ವರ ಬಂದರೆ ಅವತ್ತೇ ಹೋಗಬೇಕು, ಅದು ಕೀಲಿನೊಳಗಿನ ಸೋಂಕಿರಬಹುದು.

ಅಮ್ಮನಿಗೆ ಏಳು ತಿಂಗಳು ಹಿಡಿಯಿತು. ಅಷ್ಟು ದಿನ ಒದೆಸಿಕೊಂಡು ನಾವೇ ಹಾಲು ಕರೆದೆವು. ಈಗಲೂ ಚಳಿಗೆ ಒಂದೊಂದು ದಿನ ಅವಳ ಮಣಿಕಟ್ಟು ಬಿಗಿಯುತ್ತದೆ. ಅವತ್ತು ಹಸು ಹತ್ತು ನಿಮಿಷ ಕಾಯುತ್ತದೆ, ಒಲೆ ಮೇಲೆ ನೀರು ಕಾಯುತ್ತದೆ.