ಪೇಟಿಗೆ ಸಿಗದ ಗಾಂಧಾರ

ನಮ್ಮ ಇಳಕಲ್ಲ, ಹುನಗುಂದದ ಕಡೆ ಹಾಡು ಎಂದರೆ ಪಕ್ಕದಲ್ಲಿ ಪೇಟಿ ಇರಲೇಬೇಕು. ಹಾರ್ಮೋನಿಯಂ ಎಂಬ ಉದ್ದ ಹೆಸರು ಆಮಂತ್ರಣ ಪತ್ರಿಕೆಗೆ. ಭಜನಿ ಮೇಳದವರಿಗೂ ನಾಟಕದ ಕಂಪನಿಯವರಿಗೂ ಪುರಾಣ ಹೇಳುವವರಿಗೂ ಅದು ಪೇಟಿಯೇ. ತಿದಿ ಒತ್ತಿ ಒಂದು ಮನೆಯ ಮೇಲೆ ಬೆರಳಿಟ್ಟರೆ ಸ್ವರ ಅಲುಗದೆ ನಿಲ್ಲುತ್ತದೆ. ಹಾಡುವವನಿಗೆ ಅದೇ ಧೈರ್ಯ. ಬಾಗಲಕೋಟೆ ಸೀಮೆಯ ಕಿವಿ ಹೀಗೆ ಪೇಟಿಯ ಜೊತೆ ಬೆಳೆದದ್ದು, ಮನ್ಸೂರ, ಗಂಗೂಬಾಯಿ, ಭೀಮಸೇನ ಜೋಶಿಯವರನ್ನು ಕೇಳಿ ಹದಗೊಂಡದ್ದು. ಹೆಸರಿನಲ್ಲಿ ಕರ್ನಾಟಕ ಇದ್ದರೂ ಕರ್ನಾಟಕ ಸಂಗೀತ ನಮಗೆ ತುಂಗಭದ್ರೆಯ ಆಚೆಯದು.

ತಮಾಷೆಯೆಂದರೆ, ಆಚೆಯವರು ಮಾತ್ರ ಎಷ್ಟೋ ಸಲ ನಮ್ಮ ಸೀಮೆಯ ಊರಿನ ಹೆಸರು ಹೇಳಿಯೇ ಕಚೇರಿ ಶುರು ಮಾಡುತ್ತಾರೆ. ಮುತ್ತುಸ್ವಾಮಿ ದೀಕ್ಷಿತರ ‘ವಾತಾಪಿ ಗಣಪತಿಂ’ ಕೃತಿಯ ವಾತಾಪಿ ನಮ್ಮ ಬಾದಾಮಿ. ಕ್ರಿ.ಶ. 642ರಲ್ಲಿ ಪಲ್ಲವರು ಚಾಲುಕ್ಯರ ಬಾದಾಮಿಯನ್ನು ಗೆದ್ದಾಗ ಅವರ ದಂಡನಾಯಕ ಇಲ್ಲಿಂದ ಗಣಪತಿಯನ್ನು ತಮಿಳು ನಾಡಿಗೆ ಒಯ್ದನೆಂಬುದು ಐತಿಹ್ಯ. ಕೃತಿಯ ರಾಗ ಹಂಸಧ್ವನಿಯನ್ನು ಕಟ್ಟಿದವರು ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರು ಎನ್ನುತ್ತಾರೆ. ಆ ರಾಗ ಆಮೇಲೆ ಹಿಂದೂಸ್ತಾನಿಗೂ ಬಂತು. ಹಾಗಾಗಿ ಬಾದಾಮಿಯ ಗಣಪತಿ ಪೆಂಡಾಲಿನಲ್ಲಿ ಬೆಂಗಳೂರಿನಲ್ಲಿ ಕಲಿತ ನಮ್ಮ ಸಂಬಂಧಿಕರ ಹುಡುಗಿಯೊಬ್ಬಳು ಆ ಕೃತಿ ಹಾಡುತ್ತೇನೆಂದಾಗ, ಪೇಟಿಗೆ ಕುಳಿತ ಇಳಕಲ್ಲಿನ ಮಾಸ್ತರರು ಹೆದರಲಿಲ್ಲ. ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಕಾಲ್ಪೇಟಿ ತುಳಿದವರು ಅವರು. ಎತ್ತಿದ ಹಾಡನ್ನು ಬೆನ್ನಟ್ಟಿ ಹಿಡಿಯುವ ಬೆರಳು.

ಹಂಸಧ್ವನಿಯನ್ನು ಅವರು ಹಿಡಿದೇ ಹಿಡಿದರು. ಐದೇ ಸ್ವರ, ಮಧ್ಯಮವಿಲ್ಲ, ಧೈವತವಿಲ್ಲ. ಒಂದು ಕಡೆ ಮಾತ್ರ ಪೇಟಿ ಮತ್ತು ಕಂಠ ಬೇರೆಬೇರೆಯಾದವು. ನಿಷಾದದ ಮೇಲೆ ಮಾಸ್ತರರ ಬೆರಳು ಸುಮ್ಮನೆ ನಿಂತಿದ್ದರೆ, ಹುಡುಗಿಯ ನಿಷಾದ ಮೇಲಿನ ಷಡ್ಜವನ್ನು ತಾಗಿ ತಾಗಿ ಮರಳುತ್ತಿತ್ತು. ಅಷ್ಟು ವ್ಯತ್ಯಾಸವನ್ನು ನಮ್ಮ ಜನ ಹೊಟ್ಟೆಗೆ ಹಾಕಿಕೊಂಡರು. ನಿಜವಾದ ಪೇಚು ಅವಳು ತೋಡಿ ಎತ್ತಿದಾಗ ಬಂತು.

ಕರ್ನಾಟಕದ ತೋಡಿಗೂ ನಮ್ಮ ಹಿಂದೂಸ್ತಾನಿ ತೋಡಿಗೂ ಹೆಸರು ಬಿಟ್ಟರೆ ಸಂಬಂಧ ಕಡಿಮೆ. ಅವರ ತೋಡಿಯ ಏಳು ಸ್ವರಗಳನ್ನು ಪೇಟಿಯ ಮೇಲೆ ಹುಡುಕಿದರೆ ಸಿಗುವುದು ನಮ್ಮ ಭೈರವಿ. ಬಿಳಿ ಒಂದನ್ನು ಷಡ್ಜ ಮಾಡಿಕೊಂಡರೆ ರಿಷಭ ಅದರ ಪಕ್ಕದ ಕಪ್ಪು ಮನೆ, ಗಾಂಧಾರ ಎರಡನೆಯ ಕಪ್ಪು, ಮಧ್ಯಮ ನಾಲ್ಕನೆಯ ಬಿಳಿ. ಎರಡೂ ರಾಗಕ್ಕೆ ಮನೆಗಳು ಇವೇ. ಮಾಸ್ತರರು ಲೆಕ್ಕ ಸರಿಯಾಗಿಯೇ ಹಾಕಿದರು, ಸರಿಯಾದ ಮನೆಗಳನ್ನೇ ಒತ್ತಿದರು. ಆದರೆ ಪೇಟಿಯಿಂದ ಬಂದದ್ದು ಭಜನೆಯ ಕೊನೆಗೆ ಮಂಗಳ ಹಾಡುವಾಗಿನ ಭೈರವಿ. ಕೇಳುತ್ತಿದ್ದವರಲ್ಲಿ ಇಬ್ಬರು ಕಾರ್ಯಕ್ರಮ ಮುಗಿಯಿತೆಂದು ಚಪ್ಪಲಿ ಹುಡುಕತೊಡಗಿದರು.

ಹಾಡು ಮುಗಿದ ಮೇಲೆ ಮಾಸ್ತರರು ಬಿಡಲಿಲ್ಲ. ‘ತಂಗಿ, ಆ ಗಾಂಧಾರ ಇನ್ನೊಮ್ಮೆ ಹೇಳವ್ವಾ’ ಎಂದರು. ಅವಳು ಹೇಳಿದಳು. ‘ಅದು ನಿಲ್ಲವಲ್ದಲ್ಲ’ ಎಂದರು. ‘ನಿಲ್ಲಂಗಿಲ್ರೀ ಮಾಸ್ತರ. ನಿಂತರೆ ಅದು ತೋಡಿ ಗಾಂಧಾರನೇ ಅಲ್ಲ’ ಎಂದಳು. ಮಾಸ್ತರರು ಪೇಟಿಯನ್ನು ಮತ್ತೆ ಹತ್ತಿರ ಎಳೆದುಕೊಂಡರು.

ಮೊದಲು ಅವರು ಮಾಡಿದ್ದು, ಗಾಂಧಾರ ಮತ್ತು ಮಧ್ಯಮದ ಮನೆಗಳನ್ನು ಎರಡು ಬೆರಳಿನಿಂದ ಪಟಪಟ ಬದಲಿಸಿ ಒತ್ತಿದ್ದು. ಕೇಳಲು ಚಂದವೇ ಇತ್ತು. ಪಾಶ್ಚಾತ್ಯರ ಟ್ರಿಲ್ ಎಂದರೆ ಇದೇ: ಒಂದು ಸ್ವರ, ಅದರ ಮೇಲಿನ ನೆರೆಯ ಸ್ವರ, ಎರಡನ್ನೂ ಬಿಡಿಬಿಡಿಯಾಗಿ, ವೇಗವಾಗಿ, ಒಂದರ ಹಿಂದೆ ಒಂದು. ನಡುವಿನ ದಾರಿ ಅದರಲ್ಲಿ ಇಲ್ಲ. ಈ ಮನೆಯಿಂದ ಆ ಮನೆಗೆ ಜಿಗಿತ. ಆದ್ದರಿಂದಲೇ ಪಿಯಾನೋದಂಥ ಮನೆಗಳ ವಾದ್ಯಕ್ಕೆ ಅದು ಸಲೀಸು. ಬಾಖ್ 1720ರಲ್ಲಿ ತನ್ನ ಹಿರಿಮಗನಿಗಾಗಿ ಬರೆದ ಪಾಠದ ಪುಸ್ತಕದಲ್ಲಿ ಇಂಥ ಅಲಂಕಾರಗಳ ಒಂದು ಪಟ್ಟಿಯನ್ನೇ ಕೊಟ್ಟಿದ್ದಾನೆ. ಒಂದೊಂದಕ್ಕೂ ಒಂದು ಗುರುತು, ಅದನ್ನು ಬಿಡಿಸಿ ನುಡಿಸುವುದು ಹೇಗೆಂಬ ವಿವರ. ಆ ಗುರುತನ್ನು ಕಡೆಗಣಿಸಿ ನುಡಿಸಿದರೆ ಸೊಗಸು ಹೋಗುತ್ತದೆ, ರಾಗದ ಧಾಟಿ ಉಳಿಯುತ್ತದೆ.

ಹುಡುಗಿ ತಲೆಯಾಡಿಸಲಿಲ್ಲ. ಆಗ ಮಾಸ್ತರರು ಗಾಂಧಾರದ ಮನೆಯೊಂದನ್ನೇ ಒತ್ತಿಹಿಡಿದು ತಿದಿಯನ್ನು ನಡುಗಿಸಿದರು. ಸ್ವರ ಹೆಚ್ಚುಕಡಿಮೆಯಾಯಿತು, ಆದರೆ ಸದ್ದಿನಲ್ಲಿ ಮಾತ್ರ; ಎತ್ತರ ಬದಲಾಗಲಿಲ್ಲ. ಪಾಶ್ಚಾತ್ಯ ಗಾಯಕರ ವೈಬ್ರಾಟೊಗೆ ಇದು ದೂರದ ಸಂಬಂಧಿ. ಅವರ ದನಿಯಲ್ಲಿ ಎತ್ತರವೂ ತುಸು ಕದಲುತ್ತದೆ: ಹಿಡಿದ ಸ್ವರದ ಮೇಲೆ ಕೆಳಗೆ ಸುಮಾರು ಅರ್ಧರ್ಧ ಮನೆಯಷ್ಟು, ಸೆಕೆಂಡಿಗೆ ಐದರಿಂದ ಏಳು ಸಲ, ಒಂದೇ ಸಮನೆ. ಅಷ್ಟು ಸಣ್ಣದಾಗಿ ಅಷ್ಟು ಬೇಗ ಕದಲಿದಾಗ ಕಿವಿ ಅದನ್ನು ಚಲನೆ ಎಂದು ಎಣಿಸುವುದಿಲ್ಲ. ನಡುವಿನ ಎತ್ತರವನ್ನೇ ಸ್ವರವೆಂದು ಹಿಡಿದು, ಉಳಿದದ್ದನ್ನು ದನಿಯ ಕಾವು ಎಂದುಕೊಳ್ಳುತ್ತದೆ. ಹಾಡಿನ ಲಯ ನಿಧಾನವಾದರೂ ಚುರುಕಾದರೂ ಆ ನಡುಕ ತನ್ನ ಪಾಡಿಗೆ ತಾನಿರುತ್ತದೆ. ಅದು ಗಾಯಕನ ಕಂಠದ ಗುಣ, ರಾಗದ್ದಲ್ಲ.

ತೋಡಿಯ ಗಾಂಧಾರ ಇವೆರಡೂ ಅಲ್ಲವೆಂದು ಹುಡುಗಿ ತೋರಿಸಿದ ರೀತಿ ನನಗೆ ಬಹಳ ಹಿಡಿಸಿತು. ಎಡಗೈಯಲ್ಲಿ ತಾಳ ಹಾಕುತ್ತ, ಅವಳು ರಿಷಭದ ಎತ್ತರದಲ್ಲಿ ಒಮ್ಮೆ, ಮಧ್ಯಮದ ಎತ್ತರದಲ್ಲಿ ಒಮ್ಮೆ ಹಾಡಿದಳು. ಎರಡಕ್ಕೂ ಬಾಯಲ್ಲಿ ಹೇಳಿದ್ದು ‘ಗ’ ಎಂದೇ. ಮಾಸ್ತರರು ಅವಳ ಜೊತೆ ಆ ಎರಡು ಮನೆ ಒತ್ತಿದರು, ಸರಿಹೋಯಿತು. ಆಮೇಲೆ ಅವಳು ಎರಡರ ನಡುವಿನ ಬಿರುಕನ್ನು ಮುಚ್ಚಿದಳು. ಕೆಳಗಿನಿಂದ ಮೇಲಕ್ಕೆ ಜಾರಿ, ಮೇಲೆ ಒಂದಿಷ್ಟು ತಡೆದು, ಮತ್ತೆ ಜಾರಿ ಇಳಿದಳು. ಕಾಲ ಒಂದು ಪಟ್ಟು ಏರಿಸಿದಾಗ ರಿಷಭವೂ ಕಿವಿಗೆ ಬೀಳಲಿಲ್ಲ, ಮಧ್ಯಮವೂ ಬೀಳಲಿಲ್ಲ. ತೂಗುವ ಗಾಂಧಾರವೊಂದೇ ಇತ್ತು. ಪೇಟಿಯ ಲೆಕ್ಕದಲ್ಲಿ ರಿಷಭದಿಂದ ಮಧ್ಯಮಕ್ಕೆ ಕರಿಬಿಳಿ ಕೂಡಿ ನಾಲ್ಕು ಮನೆಯ ಹಾದಿ. ವೈಬ್ರಾಟೊದ ಇಡೀ ತೂಗಾಟ ಹೆಚ್ಚುಕಡಿಮೆ ಒಂದು ಮನೆಯದು. ಗಾಂಧಾರಕ್ಕೆಂದು ಇಟ್ಟ ಕಪ್ಪು ಮನೆ ಈ ಹಾದಿಯ ನಟ್ಟನಡುವೆ ಇದೆ. ದನಿ ಅದನ್ನು ದಾಟುತ್ತದೆಯೇ ಹೊರತು ಅಲ್ಲಿ ಕೂಡುವುದಿಲ್ಲ.

‘ತೂಗೋದು ಎಷ್ಟು ಸಲ ಅಂತ ಲೆಕ್ಕ ಐತೇನವ್ವಾ?’ ಎಂದು ಮಾಸ್ತರರು ಕೇಳಿದ್ದು ಕಂಪನಿ ಮನುಷ್ಯನ ಪ್ರಶ್ನೆ. ಇದೆ ಎಂದಳು ಅವಳು. ವಿಳಂಬದಲ್ಲಿ ಒಂದು ಅಕ್ಷರಕ್ಕೆ ಇಷ್ಟು ಎಂದು ಗುರುವಿನ ಜೊತೆ ಹಾಡಿ ಹಾಡಿ ಕೂಡಿಸಿಕೊಳ್ಳಬೇಕು. ಕಾಲ ಏರಿದಂತೆ ತೂಗು ಕಡಿಮೆಯಾಗುತ್ತದೆ, ಗಂಟಲಿಗೆ ಬಂದಷ್ಟು ನಡುಗಿಸುವಂತಿಲ್ಲ. ಇದು ಇಂದಿನ ಗುರುಗಳ ಶಿಸ್ತು ಮಾತ್ರವಲ್ಲ. 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿ ‘ಸಂಗೀತರತ್ನಾಕರ’ ಬರೆದ ಶಾರ್ಙ್ಗದೇವ ಹದಿನೈದು ಗಮಕಗಳನ್ನು ಹೇಳುವಾಗ ಮೊದಲಿನ ಕೆಲವನ್ನು ಬೇರ್ಪಡಿಸುವುದೇ ಕಾಲದ ಅಳತೆಯಿಂದ. ಕಂಪಿತದ ಅಲುಗಾಟಕ್ಕೆ ಅರ್ಧ ದ್ರುತ, ಲೀನಕ್ಕೆ ಒಂದು ದ್ರುತ, ಆಂದೋಲಿತಕ್ಕೆ ಒಂದು ಲಘು. ಆಗ ನಮ್ಮ ಈ ಸೀಮೆಯೂ ಅದೇ ಸೇವುಣರ ಕೈಯಲ್ಲಿತ್ತು. ಆ ಲೆಕ್ಕಾಚಾರ ನಮಗೆ ತೀರ ಪರಕೀಯವೇನಲ್ಲ. ದರಬಾರಿ ರಾಗದ ಗಾಂಧಾರ ನಿಧಾನವಾಗಿ ತೂಗುವುದನ್ನು ಕೇಳಿ ನಮ್ಮವರು ‘ವಾಹ್’ ಎನ್ನುವುದಿಲ್ಲವೇ? ಹಿಂದೂಸ್ತಾನಿಯಲ್ಲಿ ಇಂಥ ತೂಗು ಕೆಲವು ರಾಗಗಳ ಕೆಲವು ಸ್ವರಗಳಿಗೆ ಸಲ್ಲುತ್ತದೆ. ಕರ್ನಾಟಕದಲ್ಲಿ ಬಹುಪಾಲು ರಾಗಗಳು ಅದರಿಂದಲೇ ಗುರುತಾಗುತ್ತವೆ.

ಇಳಕಲ್ಲಿನವನಾದ ನನಗೆ ಸೀರೆಯ ನೆನಪು ಬರದೆ ಇರುವುದು ಹೇಗೆ? ಟ್ರಿಲ್ ನೇಯ್ದಾದ ಮೇಲೆ ಸೂಜಿ ಹಿಡಿದು ಹಾಕುವ ಕಸೂತಿ. ಬಿಚ್ಚಿದರೂ ಸೀರೆ ಉಳಿಯುತ್ತದೆ. ತೋಡಿಯ ಗಮಕ ಹಾಸು ಹೊಕ್ಕಿನ ನೂಲು. ಅದನ್ನೆಳೆದರೆ ಬಿಚ್ಚುವುದು ಸೀರೆಯೇ.

ಈ ಗಮಕ ಕೆಡುವ ಬಗೆಯೂ ಗೊತ್ತಿರಬೇಕು, ಆಗಲೇ ಸರಿಯಾದದ್ದರ ರುಚಿ. ತೂಗು ಎರಡು ತುದಿ ಮುಟ್ಟದೆ ನಡುವಿನಲ್ಲೇ ಕಂಪಿಸಿದರೆ ಗಾಂಧಾರ ಭೈರವಿಯ ಕಡೆ ವಾಲುತ್ತದೆ, ದನಿಯಲ್ಲಿ ಚಳಿ ಹಿಡಿದ ನಡುಕವೊಂದು ಕೇಳುತ್ತದೆ. ಮೇಲಿನ ತುದಿಯಲ್ಲಿ ಹೆಚ್ಚು ಹೊತ್ತು ನಿಂತರೆ ಮಧ್ಯಮವೆಂಬ ಇನ್ನೊಂದು ಸ್ವರ ತಲೆಯೆತ್ತುತ್ತದೆ. ಇನ್ನೂ ಸುಲಭದ ಪರೀಕ್ಷೆ ಷಡ್ಜ ಪಂಚಮಗಳಲ್ಲಿದೆ. ಗಮಕ ಬಲ್ಲವರು ಈ ಎರಡರ ಮೇಲೆ ನಿಂತಾಗ ತಂಬೂರಿಯೊಳಗೆ ಕರಗಿಹೋಗುವಷ್ಟು ನೇರವಾಗಿ ನಿಲ್ಲುತ್ತಾರೆ. ಅಲ್ಲೂ ದನಿ ಅಲುಗುತ್ತಿದ್ದರೆ ಅದು ಗಮಕವಲ್ಲ, ಗಂಟಲಿನ ಅಭ್ಯಾಸ. ವೈಬ್ರಾಟೊ ರೂಢಿಯಾದ ಕಂಠ ಕರ್ನಾಟಕ ಹಾಡಲು ಕೂತರೆ ಮೊದಲು ಕಲಿಯಬೇಕಾದದ್ದು ಈ ಸುಮ್ಮನಿರುವಿಕೆ.

ಹೀಗೆಂದು ಎಲ್ಲ ತಪ್ಪನ್ನೂ ಪರದೇಶದ ವಾದ್ಯದ ಮೇಲೆ ಹೊರಿಸಲಾಗದು. ಪೇಟಿಯನ್ನು ಆಕಾಶವಾಣಿ 1940ರಿಂದ ಮೂರು ದಶಕ ಹೊರಗಿಟ್ಟಿತ್ತು. ಸ್ವರದಿಂದ ಸ್ವರಕ್ಕೆ ಜಾರಲು ಬರುವುದಿಲ್ಲವೆಂಬುದು ಅದರ ಮೇಲಿದ್ದ ದೂರುಗಳಲ್ಲಿ ಒಂದು. ಆದರೆ ಪಿಟೀಲೂ ಪರದೇಶದ್ದೇ. ಅದನ್ನು ಕರ್ನಾಟಕ ಸಂಗೀತಕ್ಕೆ ತಂದವರೆಂದು ಹೆಸರಾದವರು ‘ವಾತಾಪಿ’ ಬರೆದ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು. ಮನೆಗಳ ಗೆರೆಯಿಲ್ಲದ ತಂತಿ, ಬೆರಳು ಎಲ್ಲಿಗೆ ಬೇಕಾದರೂ ಜಾರಬಹುದು. ಅಲ್ಲಿಯವರು ಗದ್ದಕ್ಕೆ ಒತ್ತಿ ನಿಂತು ಬೆರಳ ತುದಿಯನ್ನು ಇದ್ದಲ್ಲೇ ಹೊರಳಿಸಿ ವೈಬ್ರಾಟೊ ತರುತ್ತಾರೆ. ನಮ್ಮವರು ನೆಲಕ್ಕೆ ಕೂತು, ಪಿಟೀಲಿನ ತಲೆಯನ್ನು ಬಲಗಾಲ ಹರಡಿಗೆ ಆನಿಸಿ, ಎಡಗೈಗೆ ಭಾರ ಹೊರುವ ಕೆಲಸ ತಪ್ಪಿಸಿದರು. ಬಿಡುವಾದ ಕೈ ರಿಷಭದಿಂದ ಮಧ್ಯಮಕ್ಕೆ ಹೋಗಿಬರತೊಡಗಿತು. ಒಂದೇ ವಾದ್ಯದ ಕೂರುವ ಭಂಗಿಯೇ ಬದಲಾಯಿತು, ಗಮಕಕ್ಕಾಗಿ.

ಇಷ್ಟೆಲ್ಲ ಕೇಳಿದ ಮೇಲೆ ಮಾಸ್ತರರು ತಮ್ಮ ತೀರ್ಮಾನ ಹೇಳಿದರು. ‘ನೀ ತೋಡಿ ಹೇಳಾಗ ನಾ ಷಡ್ಜ ಪಂಚಮ ಹಿಡಕೊಂಡು ಕುಂದರ್ತೀನಿ. ಆದರ ಕಡೀಕ ಭೈರವಿ ನಂದು, ಆವಾಗ ನೀ ನಡುಗಿಸಬ್ಯಾಡ.’ ಹುಡುಗಿ ಒಪ್ಪಿಕೊಂಡಳು. ನನ್ನ ಪ್ರಕಾರ ಇದಕ್ಕಿಂತ ನ್ಯಾಯವಾದ ಹಂಚಿಕೆ ಇಲ್ಲ: ನಿಲ್ಲುವ ಸ್ವರಗಳೆಲ್ಲ ಪೇಟಿಗೆ, ನಡೆಯುವ ಸ್ವರಗಳೆಲ್ಲ ಕಂಠಕ್ಕೆ.